ಗೋಡೆ ಒದ್ದೆಯಾದರೆ ಖರ್ಚು ಯಾರದು? ಬಾಡಿಗೆ ಮನೆಯ ರಿಪೇರಿ, ಕರಾರಿನ ಲೆಕ್ಕ

ಬಾತ್‌ರೂಮಿಗೆ ಅಂಟಿಕೊಂಡ ಬೆಡ್‌ರೂಮ್ ಗೋಡೆಯಲ್ಲಿ ತೇವ ಕಾಣಿಸಿಕೊಂಡರೆ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಜಗಳ ಶುರುವಾದಂತೆಯೇ. ಕರಾರು ಪತ್ರದಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ‘ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು, ದೊಡ್ಡ ರಿಪೇರಿ ಮಾಲೀಕರದು.’ ಆದರೆ ಈ ತೇವ ಸಣ್ಣದೋ ದೊಡ್ಡದೋ? ಅದನ್ನು ಹೇಳುವುದು ಕಲೆಯ ಅಗಲವಲ್ಲ, ನೀರು ಬರುತ್ತಿರುವ ಜಾಗ.

ಹಾಗಾಗಿ ಮೊದಲು ಆ ಜಾಗ ಹುಡುಕಿ. ತೇವದ ಅಂಚಿನುದ್ದಕ್ಕೂ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ, ಗೆರೆ ಸೇರುವಂತೆ ಫೋಟೊ ತೆಗೆಯಿರಿ. ಗೋಡೆ ಒಣಗಲು ವಾರಗಳೇ ಬೇಕು. ಆದ್ದರಿಂದ ಒಣಗಿತೇ ಎಂದು ಕಾಯುವುದಕ್ಕಿಂತ ತೇವ ಗೆರೆ ದಾಟಿತೇ ಎಂದು ನೋಡುವುದು ಸರಿ.

ಆಮೇಲೆ ಆ ಬಾತ್‌ರೂಮಿಗೆ ನೀರು ಬಿಡುವ ಗೇಟ್ ವಾಲ್ವ್ ಮುಚ್ಚಿ, ನಾಲ್ಕೈದು ದಿನ ಅಡುಗೆಮನೆಯಿಂದ ಬಕೆಟ್‌ನಲ್ಲಿ ನೀರು ತಂದು ಅಲ್ಲೇ ಸ್ನಾನ ಮಾಡಿ. ತೇವ ಅಲ್ಲೇ ನಿಂತರೆ ಗೋಡೆಯೊಳಗಿನ ನೀರಿನ ಪೈಪಿನ ಮೇಲೆ ಅನುಮಾನ. ಹಾಗಿದ್ದರೂ ಮುಂದುವರಿದರೆ ನೆಲದ ಟೈಲ್ಸ್ ಸಂದಿ, ಜಾಲರಿಯ ಸುತ್ತಲಿನ ಬಿರುಕು ಅಥವಾ ಮೇಲಿನ ಮನೆಯ ಬಾತ್‌ರೂಮ್ ಕಾರಣವಿರಬಹುದು. ಮಳೆ ಬಂದಾಗ ಮಾತ್ರ ಬೆಳೆದರೆ ತಾರಸಿಯನ್ನೂ ಹೊರಗೋಡೆಯನ್ನೂ ನೋಡಬೇಕು. ಈ ಪರೀಕ್ಷೆ ಮಾಡದೆ ಪ್ಲಂಬರ್ ಕರೆದರೆ ಅಲ್ಲಲ್ಲಿ ಟೈಲ್ಸ್ ಒಡೆದು ಹುಡುಕುತ್ತಾರೆ, ಆ ಖರ್ಚೇ ಮೂಲ ರಿಪೇರಿಗಿಂತ ಹೆಚ್ಚಾಗುವುದುಂಟು.

ಕಾರಣ ಗೊತ್ತಾದರೆ ಖರ್ಚಿನ ಪಾಲು ತಿಳಿಯಾಗುತ್ತದೆ. ಗೋಡೆಯೊಳಗಿನ ಪೈಪು, ವಾಟರ್‌ಪ್ರೂಫಿಂಗ್, ತಾರಸಿ, ಮುಖ್ಯ ವೈರಿಂಗ್ ಕಟ್ಟಡದ ಭಾಗ. ಅವು ಮಾಲೀಕರಿಗೆ ಸೇರಿದ್ದು. ನಲ್ಲಿ ವಾಷರ್, ಸ್ವಿಚ್, ಬಾಗಿಲ ಚಿಲಕ, ಕಿಟಕಿ ಗಾಜು ಬಳಸುವವರ ಕೈಯಲ್ಲಿ ಸವೆಯುವಂಥವು. 2021ರ ಕೇಂದ್ರ ಮಾದರಿ ಬಾಡಿಗೆ ಕಾಯ್ದೆಯ ಎರಡನೇ ಅನುಸೂಚಿಯೂ ಹೆಚ್ಚುಕಡಿಮೆ ಹೀಗೇ ಹಂಚುತ್ತದೆ. ಅದು ಮಾದರಿ ಮಾತ್ರ, ತಾನಾಗಿ ಇಲ್ಲಿ ಜಾರಿಯಾಗುವುದಿಲ್ಲ. ಆದರೂ ಕರಾರು ಬರೆಯುವಾಗ ಆ ಪಟ್ಟಿಯನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು.

ತಕರಾರು ಹೆಚ್ಚಾಗುವುದು ಗೀಸರ್ ವಿಷಯದಲ್ಲಿ. ಬೋರ್‌ವೆಲ್ ನೀರಿನ ಗಡಸಿಗೆ ಅದರ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ಸುಟ್ಟುಹೋಗುತ್ತದೆ. ಆ ಪಟ್ಟಿಯಲ್ಲಿ ಗೀಸರ್ ರಿಪೇರಿ ಬಾಡಿಗೆದಾರರ ಪಾಲಿಗಿದೆ. ಆದರೆ ಹಳೆಯ ಗೀಸರ್‌ನ ಒಳಟ್ಯಾಂಕೇ ತೂತಾದರೆ ಹೊಸದನ್ನೇ ತರಬೇಕು, ಅದನ್ನು ಬಾಡಿಗೆದಾರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕರಾರಿನಲ್ಲಿ ‘ರಿಪೇರಿ’ ಮತ್ತು ‘ಬದಲಾವಣೆ’ ಎಂಬ ಎರಡು ಪದ ಬೇರೆಬೇರೆ ಇರಲಿ.

ಕರಾರಿನಲ್ಲಿ ಏನೂ ಬರೆದಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಆಧಾರ. ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ, ತನ್ನ ಕೈತಪ್ಪಿನಿಂದ ಆದ ಹಾನಿಗೆ ಹೊಣೆ. ಒಂದು ಎಚ್ಚರಿಕೆ: ಕರಾರಿನಲ್ಲಿ ಬೇರೆ ಷರತ್ತಿದ್ದರೆ ಅದೇ ಮುಂದೆ ನಿಲ್ಲುತ್ತದೆ. ‘ಎಲ್ಲ ರಿಪೇರಿಯೂ ಬಾಡಿಗೆದಾರರದು’ ಎಂಬ ಸಾಲಿಗೆ ಓದದೆ ಸಹಿ ಹಾಕಿದರೆ ಈ ಆಸರೆ ಕೈತಪ್ಪಬಹುದು.

ಒಂದು ಲೆಕ್ಕ ಹಾಕೋಣ. ಬಾಡಿಗೆ 20,000 ರೂಪಾಯಿ. ವಾಲ್ವ್ ಮುಚ್ಚಿದಾಗ ತೇವ ನಿಂತಿತು, ಅಂದರೆ ದೋಷ ಪೈಪಿನದು. ಪೈಪು, ಟೈಲ್ಸ್, ಕೂಲಿ ಸೇರಿ 12,000 ಎಂದು ಪ್ಲಂಬರ್ ಬರೆದುಕೊಟ್ಟರು ಎಂದಿಟ್ಟುಕೊಳ್ಳಿ. ಫೋಟೊ, ಪರೀಕ್ಷೆಯ ತಾರೀಕು, ಅಂದಾಜು ಪಟ್ಟಿ ಮೂರನ್ನೂ ವಾಟ್ಸ್‌ಆ್ಯಪ್‌ನಲ್ಲೂ ಪತ್ರದಲ್ಲೂ ಮಾಲೀಕರಿಗೆ ಕಳಿಸಿ, ‘15 ದಿನದೊಳಗೆ ಮಾಡಿಸಿಕೊಡಿ, ಇಲ್ಲವಾದರೆ ನಾನೇ ಮಾಡಿಸಿ ಬಾಡಿಗೆಯಲ್ಲಿ ಕಳೆಯುತ್ತೇನೆ’ ಎಂದು ಬರೆಯಿರಿ. ಬರೀ ಫೋನಿನಲ್ಲಿ ಹೇಳಿ ಮುಂದಿನ ತಿಂಗಳು 8,000 ಮಾತ್ರ ಕೊಟ್ಟರೆ ಅದು ಬಾಡಿಗೆ ಬಾಕಿಯಂತೆ ಕಾಣುತ್ತದೆ.

ಹೊಸ ಕರಾರು ಮಾಡುವವರು ಈ ಷರತ್ತು ಸೇರಿಸಿಕೊಳ್ಳಬಹುದು: ‘ಒಂದು ಸಲಕ್ಕೆ 1,000 ರೂಪಾಯಿವರೆಗಿನ ಬಿಡಿಭಾಗಗಳ ರಿಪೇರಿ ಬಾಡಿಗೆದಾರರದು. ಅದಕ್ಕಿಂತ ಹೆಚ್ಚಿನದು, ಗೋಡೆ ಮತ್ತು ನೆಲದೊಳಗಿನ ಪೈಪು, ವೈರಿಂಗ್, ಸೋರಿಕೆ ಹಾಗೂ ಉಪಕರಣಗಳ ಬದಲಾವಣೆ ಮಾಲೀಕರದು, ಬಾಡಿಗೆದಾರರ ತಪ್ಪಿನಿಂದ ಆದದ್ದು ಹೊರತು. ಲಿಖಿತವಾಗಿ ತಿಳಿಸಿದ 15 ದಿನದಲ್ಲಿ ಮಾಲೀಕರು ಮಾಡಿಸದಿದ್ದರೆ ಖರ್ಚನ್ನು ರಸೀದಿಯೊಂದಿಗೆ ಬಾಡಿಗೆಯಲ್ಲಿ ಕಳೆಯಬಹುದು.’

ಮನೆ ಬಿಡುವಾಗ ಪೇಂಟಿಂಗ್‌ಗೆಂದು ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿ ರೂಢಿ. ಒದ್ದೆ ಗೋಡೆಯ ಹೆಸರಿನಲ್ಲಿ ಮತ್ತಷ್ಟು ಹಿಡಿಯಲು ಬಂದರೆ ಆ ಪೆನ್ಸಿಲ್ ಗೆರೆಯ ಫೋಟೊಗಳನ್ನೂ ಪತ್ರದ ಪ್ರತಿಯನ್ನೂ ತೋರಿಸಿ. ಕೀಲಿ ಕೊಡುವ ದಿನದವರೆಗೂ ಅವನ್ನು ಅಳಿಸಬೇಡಿ.