ದಿನಕ್ಕೆ 60 ರೂಪಾಯಿ, ನಾಲ್ಕು ಜನ: ಒಂದೇ ಒಲೆಯಲ್ಲಿ ಬಸ್ಸಾರು, ಪಲ್ಯ, ಮುದ್ದೆ

ದುಡ್ಡು ಬಿಗಿಯಾದಾಗ ತಟ್ಟೆಯಲ್ಲಿ ಮೊದಲು ಕಡಿಮೆಯಾಗುವುದು ಬೇಳೆ ಮತ್ತು ಸೊಪ್ಪು. ರೇಷನ್ ಅಕ್ಕಿ, ರಾಗಿಯಿಂದ ಹೊಟ್ಟೆ ತುಂಬುತ್ತೆ, ಆದರೆ ಅಷ್ಟೇ ತಿಂದರೆ ಮೈಗೆ ಹಿಡಿಯುವುದಿಲ್ಲ. ಹಾಗಾಗಿ ಕೈಯಲ್ಲಿರುವ ಕಾಸನ್ನು ಬೇಳೆ, ಸೊಪ್ಪಿಗೆ ಮೊದಲು ತೆಗೆದಿಡಬೇಕು.

ಹಳೇ ಮೈಸೂರು ಕಡೆಯ ಒಂದು ಮನೆ ಅಂದುಕೊಳ್ಳಿ. ಗಂಡ, ಹೆಂಡತಿ ಇಬ್ಬರೂ ಕೂಲಿಗೆ ಹೋಗುತ್ತಾರೆ. ಇಬ್ಬರು ಮಕ್ಕಳಿಗೆ ಮಧ್ಯಾಹ್ನ ಸರ್ಕಾರಿ ಶಾಲೆಯ ಬಿಸಿಯೂಟ. ಕಾರ್ಡಿಗೆ ತಿಂಗಳಿಗೆ 28 ಕೆ.ಜಿ. ಅಕ್ಕಿ, 12 ಕೆ.ಜಿ. ರಾಗಿ ಬಂದರೆ ದಿನಕ್ಕೆ ಸುಮಾರು 900 ಗ್ರಾಂ ಅಕ್ಕಿ, 400 ಗ್ರಾಂ ರಾಗಿ ಸಿಗುತ್ತದೆ. ಗ್ಯಾಸ್ ಬಿಟ್ಟು ಅಡುಗೆಗೆ 60 ರೂಪಾಯಿ. ತೊಗರಿಬೇಳೆ ಕೆ.ಜಿ.ಗೆ 120 ರೂಪಾಯಿ ಇದ್ದರೆ 200 ಗ್ರಾಂಗೆ 24 ರೂಪಾಯಿ. ಸೊಪ್ಪು ಎರಡು ಕಟ್ಟಿಗೆ 20, ಎಣ್ಣೆಗೆ 6, ಈರುಳ್ಳಿ, ಬೆಳ್ಳುಳ್ಳಿ, ಹುಣಸೆ, ಖಾರದಪುಡಿ, ಉಪ್ಪಿಗೆ 10.

ಇದಕ್ಕೆ ಬಸ್ಸಾರಿಗಿಂತ ಒಳ್ಳೆಯ ಅಡುಗೆ ಇಲ್ಲ. ಒಂದು ಸಲ ಬೇಯಿಸಿದರೆ ಸಾರು, ಪಲ್ಯ ಎರಡೂ ಆಗುತ್ತವೆ. ಸೊಪ್ಪು ಬೆಂದ ನೀರೂ ಚೆಲ್ಲಿ ಹೋಗುವುದಿಲ್ಲ.

ಬೇಳೆ ತೊಳೆದು ಒಂದೂವರೆ ಲೀಟರ್ ನೀರಿಗೆ ಹಾಕಿ, ತೆರೆದ ಪಾತ್ರೆಯಲ್ಲೇ ಬೇಯಿಸಿ. ಕುಕ್ಕರಿನಲ್ಲಿ ಬೇಳೆ ಕರಗಿಬಿಟ್ಟರೆ ಬಸಿಯುವುದಕ್ಕೆ ಏನೂ ಉಳಿಯುವುದಿಲ್ಲ. ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿ. ಒತ್ತಿದರೆ ಮುರಿಯಬೇಕು, ಆದರೆ ಪಾತ್ರೆಯಲ್ಲಿ ಇಡಿಯಾಗೇ ಕಾಣಬೇಕು. ಆಗ ಸೊಪ್ಪು ಹಾಕಿ. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಿರಿ, ಹೆಚ್ಚಿದ ಮೇಲೆ ತೊಳೆದರೆ ಸಾರ ನೀರಿಗೆ ಹೋಗುತ್ತದೆ. ಎಳೆಯ ಸೊಪ್ಪಿಗೆ ಐದಾರು ನಿಮಿಷ ಸಾಕು.

ಈಗ ಕಟ್ಟು ಬಸಿದಿಟ್ಟುಕೊಳ್ಳಿ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಖಾರದಪುಡಿ, ಹುಣಸೆ ಜೊತೆಗೆ ಬೆಂದ ಬೇಳೆಸೊಪ್ಪು ಒಂದು ಹಿಡಿ ಸೇರಿಸಿ ರುಬ್ಬಿ. ಕಾಯಿ ಇಲ್ಲದಿದ್ದರೂ ಈ ಒಂದು ಹಿಡಿಯಿಂದ ಸಾರು ಗಟ್ಟಿಯಾಗುತ್ತದೆ. ಅದನ್ನು ಕಟ್ಟಿಗೆ ಹಾಕಿ, ಉಪ್ಪು ಬೆರೆಸಿ, ಚೆನ್ನಾಗಿ ಕುದಿಸಿ. ಉಳಿದ ಬೇಳೆಸೊಪ್ಪಿಗೆ ಸಾಸಿವೆ, ಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ.

ಇದೆಲ್ಲ ಬೆಳಗ್ಗೆಯೇ ಮುಗಿಯಬೇಕು. ಬೆಳಗ್ಗೆ ನಾಲ್ವರಿಗೂ ಮುದ್ದೆ, ಬಸ್ಸಾರು, ಸ್ವಲ್ಪ ಪಲ್ಯ. ಕೆಲಸಕ್ಕೆ ಹೋಗುವ ಇಬ್ಬರ ಡಬ್ಬಿಗೆ ಅನ್ನ ಮತ್ತು ಉಳಿದ ಪಲ್ಯ. ರಾತ್ರಿ ಬಿಸಿ ಅನ್ನ ಮಾಡಿ, ಸಾರನ್ನು ಮತ್ತೆ ಕುದಿಸಿ. ಸುಮ್ನೆ ಬೆಚ್ಚಗೆ ಮಾಡಿದರೆ ಸಾಲದು. ಬೇಸಿಗೆಯಲ್ಲಿ ಮಧ್ಯಾಹ್ನವೂ ಒಮ್ಮೆ ಕುದಿಸಬೇಕು. ಮನೆಯಲ್ಲಿ ಯಾರೂ ಇರದಿದ್ದರೆ ಸಾರನ್ನು ಸ್ವಲ್ಪವೇ ಮಾಡಿ, ಕಟ್ಟನ್ನು ಪಲ್ಯದ ಜೊತೆ ಬಳಸಿಬಿಡಿ. ನೊರೆ ಬಂದು ಹುಳಿ ವಾಸನೆ ಬಂದರೆ ಚೆಲ್ಲಲೇಬೇಕು.

ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟದಷ್ಟು ನೀರು. ಕುದಿಯುವ ನೀರಿಗೆ ಹಿಟ್ಟು ಸುರಿದು, ತಕ್ಷಣ ತಿರುವದೆ ಸಣ್ಣ ಉರಿಯಲ್ಲಿ ಬೇಯಲು ಬಿಡಿ. ಆಮೇಲೆ ಕೋಲಿನಿಂದ ತೊಳಸಿ. ಒದ್ದೆ ಕೈಯಲ್ಲಿ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ ಅಂತ ಅರ್ಥ.

ವಾರದಲ್ಲಿ ಮೂರು ದಿನ ತೊಗರಿ ಬದಲು ಹುರುಳಿ ತನ್ನಿ. ಕೆ.ಜಿ.ಗೆ 80 ರೂಪಾಯಿ ಅಂತಿದ್ದರೆ ದಿನಕ್ಕೆ 8 ರೂಪಾಯಿ ಮಿಗುತ್ತದೆ, ಮೂರು ದಿನಕ್ಕೆ 24. ಭಾನುವಾರ ಶಾಲೆ ಊಟ ಇರುವುದಿಲ್ಲ ಅಲ್ವಾ, ಆ ದುಡ್ಡಲ್ಲಿ ಅವತ್ತಿಗೆ ಮೂರು ಮೊಟ್ಟೆ ಬರುತ್ತವೆ. ಹುರುಳಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ.

ಸೊಪ್ಪಿನ ದುಡ್ಡು ಉಳಿಸಲು ನುಗ್ಗೆಸೊಪ್ಪು ನೋಡಿ. ಅಕ್ಕಪಕ್ಕದಲ್ಲಿ ಮರವಿದ್ದರೆ ಕೇಳಿದವರಿಗೆ ಇಲ್ಲ ಅನ್ನುವವರು ಕಡಿಮೆ. ಹೊಲದ ಅಣ್ಣೆಸೊಪ್ಪು, ಬೆರಕೆ ಸೊಪ್ಪೂ ಆಗುತ್ತದೆ. ಆದರೆ ಗುರುತಿರುವ ಸೊಪ್ಪನ್ನೇ ಕೀಳಿ. ಔಷಧಿ ಹೊಡೆದ ಹೊಲ, ಚರಂಡಿ ಪಕ್ಕದ್ದು ಬೇಡ. ಊಟದ ಜೊತೆಗೆ ಟೀ ಕುಡಿಯಬೇಡಿ, ಸೊಪ್ಪು, ರಾಗಿಯಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಗಂಟೆ ಬಿಟ್ಟು ಕುಡಿಯಿರಿ. ಅರ್ಧ ನಿಂಬೆಹಣ್ಣು ಸಿಕ್ಕರೆ ಪಲ್ಯಕ್ಕೆ ಹಿಂಡಿ.

ಅಕ್ಕಿ ತೊಳೆಯುವಾಗ ಬೇರೆ ಬಣ್ಣದ, ನೀರಲ್ಲಿ ತೇಲುವ ಕಾಳುಗಳು ಕಂಡರೆ ಪ್ಲಾಸ್ಟಿಕ್ ಅಂತ ಆರಿಸಿ ಬಿಸಾಡುವವರಿದ್ದಾರೆ. ರೇಷನ್ ಅಕ್ಕಿಗೆ ಬೆರೆಸುವ ಸಾರವರ್ಧಿತ ಕಾಳುಗಳು ಅವು. ಅಕ್ಕಿಹಿಟ್ಟಿಗೇ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿರುತ್ತಾರೆ. ಎರಡು ಸಲ ತೊಳೆದರೆ ಸಾಕು, ಗಂಜಿ ಬಸಿಯದೆ ನೀರು ಹಿಂಗಿಸಿ ಅನ್ನ ಮಾಡಿ.

ತಲೆಗೆ 10 ಕೆ.ಜಿ. ಧಾನ್ಯ ಬಂದರೆ ಮಾತ್ರ ಈ ಲೆಕ್ಕ ಕೂಡುತ್ತದೆ. 5 ಕೆ.ಜಿ. ಮಾತ್ರ ಬಂದ ತಿಂಗಳು ದಿನಕ್ಕೆ 650 ಗ್ರಾಂ ಕೊರತೆ ಬೀಳುತ್ತದೆ. ಆಗ ಅಕ್ಕಿ ಕೊಳ್ಳಲು ದುಡ್ಡು ಹೋಗುತ್ತದೆ. ಹಾಗಾದಾಗಲೂ ಬೇಳೆಯನ್ನು ಪೂರ್ತಿ ಬಿಡಬೇಡಿ, 120 ಗ್ರಾಂಗೆ ಇಳಿಸಿ. ಕಟ್ಟಿನ ಸೊಪ್ಪು ಬಿಟ್ಟು ನುಗ್ಗೆಸೊಪ್ಪನ್ನೇ ಜಾಸ್ತಿ ಹಾಕಿ. ಮನೆಯಲ್ಲಿ ಬಸುರಿ, ಬಾಣಂತಿ ಅಥವಾ ಆರು ವರ್ಷದೊಳಗಿನ ಮಗು ಇದ್ದರೆ ಅಂಗನವಾಡಿಯಲ್ಲಿ ಹೆಸರು ಬರೆಸಿ, ಅಲ್ಲಿನ ಆಹಾರ ಅವರಿಗೇ ಸಿಗುವಂತೆ ನೋಡಿಕೊಳ್ಳಿ.