ಮುಖ್ಯ ಭಾಷಣಕಾರರು ಬೆಳಿಗ್ಗೆ ಬರಲ್ಲ ಅಂದರೆ

ಕೋಲಾರದ ಒಂದು ಕಾಲೇಜಿನಲ್ಲಿ ಅಂತರ್ಜಲದ ಬಗ್ಗೆ ವಿಚಾರ ಸಂಕಿರಣ ಇದೆ ಅಂದುಕೊಳ್ಳಿ. ಹತ್ತೂವರೆಗೆ ದಿಕ್ಸೂಚಿ ಭಾಷಣ. ದೆಹಲಿಯಲ್ಲಿ ಮಂಜು ಕವಿದು ವಿಮಾನ ರದ್ದಾಗಿದೆ ಎಂದು ಏಳೂವರೆಗೆ ಭಾಷಣಕಾರರ ಫೋನ್ ಬರುತ್ತದೆ. ಹೆಚ್ಚಿನ ಕಡೆ ಆಗ ಪ್ರಾಂಶುಪಾಲರನ್ನೇ ಮುಕ್ಕಾಲು ಗಂಟೆ ಮಾತಾಡಲು ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ಕೇಳಬೇಕಾದ್ದು ಒಂದೇ: ಮಧ್ಯಾಹ್ನ ಮೂರರೊಳಗೆ ತಲುಪಬಹುದಾ? ಹೌದು ಅಂದರೆ ಮಧ್ಯಾಹ್ನದ ಉಪನ್ಯಾಸವನ್ನು ಬೆಳಿಗ್ಗೆಗೆ ತನ್ನಿ, ಕೆಲಸ ಮುಗಿಯಿತು.

ಇಲ್ಲ ಅಂದರೆ ಸಂವಾದ ಇಡಿ. ಹಿಂದಿನ ರಾತ್ರಿಯೇ ಬಂದು ಉಳಿದುಕೊಂಡಿರುವ ಗೋಷ್ಠಿ ಅಧ್ಯಕ್ಷರಲ್ಲಿ ಮೂವರನ್ನು ಎಂಟು ಗಂಟೆಯೊಳಗೆ ಒಪ್ಪಿಸಿ. ಮೂವರೂ ಒಂದೇ ವಿಷಯದವರಾಗಬಾರದು. ಇಲ್ಲಿಗಾದರೆ ಒಬ್ಬ ಭೂವಿಜ್ಞಾನಿ, ಒಬ್ಬ ಕೃಷಿ ತಜ್ಞ, ಕೆರೆಗಳ ಕೆಲಸ ಮಾಡಿದ ಒಬ್ಬರು ಸಾಕು. 'ನಾಲ್ಕು ಮಾತಾಡಿ ಸರ್' ಅನ್ನಬೇಡಿ. ನಾಲ್ಕು ಮಾತು ಇಪ್ಪತ್ತು ನಿಮಿಷ ಆಗುತ್ತದೆ. 'ಆರು ನಿಮಿಷ, ಸ್ಲೈಡ್ ಬೇಡ' ಎಂದು ಮೊದಲೇ ಹೇಳಿ. ಮೂವರದೂ ಸೇರಿ ಹದಿನೆಂಟು ನಿಮಿಷ, ಆಮೇಲೆ ಹದಿನೈದು ನಿಮಿಷ ಪ್ರಶ್ನೋತ್ತರ, ಉಳಿದ ಹನ್ನೆರಡು ಸಭಿಕರಿಗೆ.

ಎಡವುವುದು ಸಂವಾದ ನಡೆಸುವವರ ಆಯ್ಕೆಯಲ್ಲಿ. ಹಿರಿಯರನ್ನೇ ಕೂರಿಸಿದರೆ ಅವರೇ ಜಾಸ್ತಿ ಮಾತಾಡುತ್ತಾರೆ. ಬಂದ ಪ್ರಬಂಧಗಳ ಸಾರಾಂಶಗಳನ್ನೆಲ್ಲ ಓದಿದವರನ್ನು ಕೂರಿಸಿ, ಕಿರಿಯ ಅಧ್ಯಾಪಕರಾದರೂ ಸರಿ. ಅವರು ಆರು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಳ್ಳಲಿ. ಬರಬೇಕಿದ್ದವರ ಭಾಷಣದ ಸಾರಾಂಶ ಕೈಯಲ್ಲಿದೆ ಅಲ್ವಾ, ಎರಡು ಪ್ರಶ್ನೆ ಅದರಿಂದಲೇ ಬರಲಿ. 'ಅಂತರ್ಜಲದ ಮಹತ್ವವೇನು?' ಅಂದರೆ ಮತ್ತೆ ಭಾಷಣವೇ ಬರುತ್ತದೆ. 'ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದ ಮೇಲೆ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಎಷ್ಟು ಮೇಲೆ ಬಂತು? ಆ ನೀರಿನ ಗುಣಮಟ್ಟ ಹೇಗಿದೆ?' ಎಂದು ಕೇಳಿದರೆ ಮೂವರಿಗೂ ಬೇರೆ ಬೇರೆ ಉತ್ತರ ಇರುತ್ತದೆ. ಯಾವ ಪ್ರಶ್ನೆ ಯಾರಿಗೆ ಎಂದು ಪಕ್ಕದಲ್ಲೇ ಗುರುತು ಹಾಕಿಕೊಳ್ಳಲಿ. ಹತ್ತು ಗಂಟೆಗೆ ನಾಲ್ವರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಮೊದಲ ಪ್ರಶ್ನೆಯನ್ನು ಮಾತ್ರ ತಿಳಿಸಿ. ಎಲ್ಲವನ್ನೂ ತಿಳಿಸಿದರೆ ಉತ್ತರಗಳು ಒಪ್ಪಿಸಿದ ಪಾಠದಂತಿರುತ್ತವೆ.

ನಾಲ್ವರಿಗೂ ಬೇರೆ ಬೇರೆ ಮೈಕ್ ಬೇಕು. ಕೈಯಿಂದ ಕೈಗೆ ಒಂದೇ ಮೈಕ್ ದಾಟಿಸುತ್ತಿದ್ದರೆ ಮಾತಿನ ಓಟ ನಿಲ್ಲುತ್ತದೆ. ಅಗ್ಗದ ಬ್ಲೂಟೂತ್ ಕರೋಕೆ ಮೈಕ್ ಬೇಡವೇ ಬೇಡ, ಅದರಲ್ಲಿ ದನಿ ಮೈಕಿನೊಳಗಿನ ಪುಟ್ಟ ಸ್ಪೀಕರಿನಿಂದಲೇ ಬರುತ್ತದೆ.

ವಿಡಿಯೊ ಕರೆಯಲ್ಲಿ ಅವರನ್ನೇ ಮಾತಾಡಿಸೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ವಿಮಾನ ನಿಲ್ದಾಣದ ಗದ್ದಲದಲ್ಲಿರುವವರಿಗೆ ನಾನಂತೂ ಬೇಡ ಅನ್ನುತ್ತೇನೆ. ಮನೆಯಲ್ಲಿದ್ದರೆ ಸರಿ, ಆದರೆ ಲ್ಯಾಪ್‌ಟಾಪ್ ಸ್ಪೀಕರಿನ ಮುಂದೆ ಮೈಕ್ ಹಿಡಿಯಬೇಡಿ. ಅದರ ಹೆಡ್‌ಫೋನ್ ತೂತಿನಿಂದ ಸಭಾಂಗಣದ ಮಿಕ್ಸರಿಗೆ ವೈರ್ ಎಳೆಯಿಸಿ.

ಕೊನೆಗೆ ಕಾಗದಗಳು. ನಿರೂಪಕರು, ಪರಿಚಯಿಸುವವರು, ವಂದನಾರ್ಪಣೆ ಮಾಡುವವರು, ಮೂವರ ಹಾಳೆಯಲ್ಲೂ ಹಳೆಯ ಹೆಸರೇ ಇರುತ್ತದೆ. ಬಾಯಲ್ಲಿ ಹೇಳಿದರೆ ಮರೆಯುತ್ತಾರೆ, ಹೊಸ ಹಾಳೆ ಪ್ರಿಂಟ್ ಮಾಡಿಸಿ ಹಳೆಯದನ್ನು ವಾಪಸ್ ತೆಗೆದುಕೊಳ್ಳಿ. ಬ್ಯಾನರಿನ ಮೇಲಿನ ಹೆಸರಿಗೆ ಕಾಗದ ಅಂಟಿಸಬೇಡಿ, ಹಾಗೇ ಬಿಡಿ.