ಯೂರೋದಲ್ಲಿ ದರ ಹೇಳುವ ಮುನ್ನ ರೂಪಾಯಿ ಲೆಕ್ಕ

ಜರ್ಮನಿಯ ಆರು ಜನ ನಾವು ನಡೆಸುವ ಪ್ರವಾಸಕ್ಕೆ ಜನವರಿಯಲ್ಲಿ ಬರುತ್ತಾರೆ ಎಂದುಕೊಳ್ಳಿ. ಹುಬ್ಬಳ್ಳಿಯಲ್ಲಿ ಇಳಿದು ಗದಗ, ಲಕ್ಕುಂಡಿ, ಡಂಬಳ ನೋಡಿ, ಬಾದಾಮಿ, ಪಟ್ಟದಕಲ್ಲು ಮುಗಿಸಿ ವಾಪಸ್. ನಾಲ್ಕು ದಿನ. ಅವರ ಕಡೆಯ ಏಜೆಂಟ್ ಜುಲೈನಲ್ಲೇ ಕೇಳುತ್ತಾರೆ: ಒಟ್ಟು ಎಷ್ಟು ಯೂರೋ? ಗಾಡಿ, ಲಾಡ್ಜು, ಊಟ ಎಲ್ಲದಕ್ಕೂ ನಾವು ಕೊಡುವುದು ರೂಪಾಯಿ. ಬರುವುದು ಯೂರೋ, ಅದೂ ಆರು ತಿಂಗಳ ಮೇಲೆ. ಈ ಆರು ತಿಂಗಳಿಗೂ ಒಂದು ಬೆಲೆ ಇದೆ. ಅದನ್ನು ದರದೊಳಗೆ ಸೇರಿಸುವುದು ಹೇಗೆ ಎಂದು ನೋಡೋಣ.

ಮೊದಲು ರೂಪಾಯಿಯಲ್ಲಿ ಬರೆಯಿರಿ. ಖರ್ಚು, ಜಿಎಸ್‌ಟಿ, ಲಾಭ ಎಲ್ಲ ಸೇರಿಸಿ. ಪಟ್ಟದಕಲ್ಲಿನಲ್ಲಿ ನಮಗೆ 40 ರೂಪಾಯಿಯ ಟಿಕೆಟ್ ವಿದೇಶಿಯರಿಗೆ 600. ಆರು ಜನಕ್ಕೆ 3,600 ಆಯಿತು. ಇದನ್ನು ಮರೆಯುವವರು ಜಾಸ್ತಿ. ನಮ್ಮ ಉದಾಹರಣೆಯಲ್ಲಿ ಜಿಎಸ್‌ಟಿ ಸೇರಿ ಖರ್ಚು 2,05,000, ಲಾಭ 45,000. ಅಂದರೆ ಖಾತೆಗೆ 2,50,000 ಬರಲೇಬೇಕು.

ಬ್ಯಾಂಕ್ ಕೊಡುವ ರೇಟ್ ಕೇಳಿ. ಲೆಕ್ಕ ಸುಲಭವಾಗಲಿ, ಮೊಬೈಲಿನಲ್ಲಿ ಯೂರೋಗೆ 100 ರೂಪಾಯಿ ತೋರಿಸುತ್ತಿದೆ ಎನ್ನೋಣ. ನಾನು ಮೊದಲ ವರ್ಷ ಹಾಗೇ ನೂರರಿಂದ ಭಾಗಿಸುವಂಥ ಲೆಕ್ಕ ಮಾಡಿ ದರ ಕಳಿಸಿದ್ದೆ. ಈ ಉದಾಹರಣೆಯಲ್ಲಾದರೆ 2,500 ಯೂರೋ. ಆದರೆ ಆ ರೇಟ್ ನಮಗೆ ಸಿಗುವುದಿಲ್ಲ. ಬ್ಯಾಂಕ್ ನಮ್ಮ ಯೂರೋ ಕೊಳ್ಳುವ ರೇಟ್ ಬೇರೆ. ಅದಕ್ಕೆ ಟಿಟಿ ಬೈಯಿಂಗ್ ರೇಟ್ ಎನ್ನುತ್ತಾರೆ. ಶಾಖೆಗೆ ಹೋಗಿ ಇದೇ ಹೆಸರು ಹೇಳಿ ಕೇಳಿ. ಅದು 98 ಇತ್ತು, ಹಣ ಬರುವ ದಾರಿಯಲ್ಲಿನ ಬ್ಯಾಂಕುಗಳು ಶುಲ್ಕವೆಂದು 20 ಯೂರೋ ಮುರಿದುಕೊಂಡವು ಎಂದಿಟ್ಟುಕೊಳ್ಳಿ. ಖಾತೆಗೆ ಬೀಳುವುದು 2,43,040. ಯೂರೋ ಒಂದು ಪೈಸೆಯೂ ಇಳಿಯದೆ ಏಳು ಸಾವಿರ ಹೋಯಿತು.

ಯೂರೋ ಇಳಿದರೆ ಎಂದು ಲೆಕ್ಕ ಹಾಕಿ. ರೂಪಾಯಿ ಹೇಗಿದ್ದರೂ ಬೀಳುತ್ತಲೇ ಇರುತ್ತದೆ, ನಮಗೆ ಲಾಭವೇ ಎಂದು ಹಲವರು ಧೈರ್ಯವಾಗಿರುತ್ತಾರೆ. ಆದರೆ ಸುದ್ದಿಯಲ್ಲಿ ಹೇಳುವುದು ಡಾಲರ್ ರೇಟ್. 2022ರಲ್ಲಿ ಡಾಲರ್ 80 ರೂಪಾಯಿ ದಾಟಿತು. ಅದೇ ವರ್ಷ ಯೂರೋ ಡಾಲರಿಗಿಂತಲೂ ಕೆಳಗೆ ಹೋಯಿತು. 2021ರ ಶುರುವಿನಲ್ಲಿ ಸುಮಾರು 89 ರೂಪಾಯಿ ಇದ್ದ ಯೂರೋ 80ರ ಆಸುಪಾಸಿಗೆ ಇಳಿಯಿತು. ರೂಪಾಯಿ ಬಿತ್ತು ಎಂದು ಎಲ್ಲರೂ ಹೇಳುತ್ತಿದ್ದಾಗಲೇ ಯೂರೋ ಪಡೆಯುವವರ ಕೈಗೆ ಕಡಿಮೆ ಬರುತ್ತಿತ್ತು. ಆದ್ದರಿಂದ ಅತಿಥಿ ಕೊಡುವ ಹಣದ ರೇಟನ್ನೇ ನೋಡಿ.

ಆರು ತಿಂಗಳಿಗೆ ನಾನು ನಾಲ್ಕು ರೂಪಾಯಿ ಇಳಿಕೆ ಹಿಡಿಯುತ್ತೇನೆ. 98 ಬದಲು 94. 2,50,000ವನ್ನು 94ರಿಂದ ಭಾಗಿಸಿದರೆ 2,660. ಬ್ಯಾಂಕಿನ 20 ಸೇರಿಸಿದರೆ 2,680 ಯೂರೋ. ಇದೇ ನಮ್ಮ ದರ. 2,500 ಹೇಳಿದ್ದು ಯೂರೋ 94ಕ್ಕೆ ಇಳಿದರೆ ಸುಮಾರು 17,000 ಖೋತಾ, ಲಾಭದ ಮೂರನೇ ಒಂದು ಪಾಲಿಗಿಂತ ಜಾಸ್ತಿ. ರೇಟ್ 98ರಲ್ಲೇ ನಿಂತರೆ ಹತ್ತು ಸಾವಿರ ಹೆಚ್ಚು ಉಳಿಯುತ್ತದೆ. ಅದನ್ನು ಲಾಭ ಎಂದು ಖರ್ಚು ಮಾಡಬೇಡಿ. ರೇಟ್ ಇಳಿದಾಗ ಬರುವ ಗುಂಪಿಗೆ ಅದು ಬೇಕಾಗುತ್ತದೆ.

ನೇರವಾಗಿ ಬುಕ್ ಮಾಡುವ ಒಬ್ಬಿಬ್ಬರಿಗೆ ಈ ತಲೆನೋವೇ ಬೇಡ, ರೂಪಾಯಿಯಲ್ಲೇ ದರ ಹೇಳಿ. ಏಜೆಂಟರು ಮಾತ್ರ ತಮ್ಮ ಗಿರಾಕಿಗಳಿಗೆ ಯೂರೋ ದರ ಮುದ್ರಿಸಿಬಿಟ್ಟಿರುತ್ತಾರೆ. ಅವರಿಗೆ ರೂಪಾಯಿ ಹಿಡಿಸುವುದಿಲ್ಲ.

ಮುಂಗಡ ಪಡೆದು ತಕ್ಷಣ ರೂಪಾಯಿ ಮಾಡಿ. 'ಈ ದರ 15 ದಿನ ಮಾತ್ರ' ಎಂದು ಮೇಲ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ. ಅಷ್ಟರೊಳಗೆ ಮುಂಗಡ ಬರದಿದ್ದರೆ ಹೊಸ ರೇಟಿನಲ್ಲಿ ಹೊಸ ಲೆಕ್ಕ. ಬಂದ ಮೇಲೆ ಮಾತು ಬದಲಿಸಬಾರದು, ಆಗ ನಷ್ಟವಾದರೂ ನಮ್ಮದೇ. ಮುಂಗಡ 2,680ರ ಶೇಕಡ 30 ಎಂದಿಟ್ಟುಕೊಳ್ಳಿ, ಅಂದರೆ 804 ಯೂರೋ. 20 ಕಳೆದು 98ರಂತೆ 76,832 ರೂಪಾಯಿ ಈಗಲೇ ಗಟ್ಟಿಯಾಯಿತು. ಉಳಿದ 1,876ರಲ್ಲಿ ಮತ್ತೆ 20 ಹೋಗುತ್ತದೆ. ಯೂರೋ ನಮ್ಮ ಅಂದಾಜು ಮೀರಿ 92ಕ್ಕೆ ಇಳಿದರೂ 1,70,752 ಬರುತ್ತದೆ. ಕೊರತೆ ಬರೀ 2,416. ಮುಂಗಡ ಇಲ್ಲದಿದ್ದರೆ ಅದು 5,280 ಆಗುತ್ತಿತ್ತು. ಕಂತು ಮೂರು ನಾಲ್ಕು ಮಾಡಬೇಡಿ, ಪ್ರತಿ ಕಂತಿಗೂ ಬ್ಯಾಂಕ್ ಮುರಿದುಕೊಳ್ಳುತ್ತದೆ.

ಹಣ ಬಂದ ದಿನ ಒಂದು ಭಾಗಾಕಾರ ಮಾಡಿ. ಖಾತೆಗೆ ಬಿದ್ದ ರೂಪಾಯಿಯನ್ನು ನೀವು ಕೇಳಿದ್ದ ಯೂರೋದಿಂದ ಭಾಗಿಸಿ. 76,832 ಭಾಗಿಸು 804, ಅಂದರೆ 95.56. ನನ್ನ ನೋಟ್‌ಬುಕ್ಕಿನಲ್ಲಿ ತಾರೀಖು, ಅವತ್ತಿನ ಮೊಬೈಲ್ ರೇಟ್, ಈ ಅಂಕಿ ಮೂರೂ ಒಂದೇ ಸಾಲಿನಲ್ಲಿವೆ. ಕೊನೆಯ ಎರಡರ ನಡುವಿನ ಅಂತರ ಇದ್ದಕ್ಕಿದ್ದಂತೆ ಹೆಚ್ಚಾದರೆ ನಡುವೆ ಯಾರೋ ಜಾಸ್ತಿ ಮುರಿದುಕೊಂಡಿದ್ದಾರೆ ಎಂದರ್ಥ. ಆಗ ಮುಂದಿನ ಕಂತು ಕಳಿಸುವಾಗ ಫಾರ್ಮಿನಲ್ಲಿ OUR ಆರಿಸಲು ಏಜೆಂಟರಿಗೆ ಹೇಳಿ. ಆಗ ಶುಲ್ಕ ಕಳಿಸುವವರದ್ದು.